ವಾಲ್ವ್ ಬಾಡಿ ಮತ್ತೆ ಮತ್ತೆ ಸೋರುತ್ತಿದೆ. ಐದು ಸಲ ಯಾಕೆ ಕೇಳಿದರೂ ಉತ್ತರ "ಕೆಲಸಗಾರನ ತಪ್ಪು" ಅಂತಲೇ ಬರುತ್ತಿದೆ

ತಾರಿಹಾಳ ಕ್ಯೂಸಿ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮ್ಮದೇ ಫೌಂಡ್ರಿ ಇದೆ, ಪಕ್ಕದಲ್ಲೇ ಮಶೀನ್ ಶಾಪ್. ಎರಕದ ಕಬ್ಬಿಣದ ವಾಲ್ವ್ ಬಾಡಿ ಮಾಡುತ್ತೇವೆ. 16 ಬಾರ್ ದರ್ಜೆಯದು, ಹಾಗಾಗಿ ನೀರು ತುಂಬಿ 24 ಬಾರ್‌ಗೆ ಟೆಸ್ಟ್ ಮಾಡುತ್ತೇವೆ.

ಕಳೆದ 12 ವಾರದಲ್ಲಿ 576 ಬಾಡಿ ಹೊಯ್ದಿದ್ದೇವೆ. ಅದರಲ್ಲಿ 41 ಟೆಸ್ಟ್‌ನಲ್ಲಿ ಸೋರಿದವು. ಮೊದಲು ನೂರಕ್ಕೆ ಒಂದೋ ಎರಡೋ ಹೋಗುತ್ತಿತ್ತು, ಈಗ ಏಳು. ಮಶೀನಿಂಗ್ ಎಲ್ಲ ಮುಗಿದ ಮೇಲೆ ಸೋರುವುದು ಗೊತ್ತಾಗುವುದರಿಂದ ಆ ಕೂಲಿಯೂ ದಂಡ.

ದೋಷದ ಕಾರಣ, ಪರಿಹಾರ ಎಲ್ಲ ಬರೆದು ಕೊಡುವ 8ಡಿ ವರದಿಯನ್ನು ಕಸ್ಟಮರ್ ಕೇಳಿದರು. ನಾವು ನಾಲ್ಕು ಜನ ಆಫೀಸಿನಲ್ಲಿ ಕೂತು ಇರಬಹುದಾದ ಕಾರಣಗಳನ್ನು ಮೀನಿನ ಮುಳ್ಳಿನ ಹಾಗೆ ಜೋಡಿಸುವ ಫಿಶ್‌ಬೋನ್ ಚಿತ್ರ ಬರೆದೆವು, ಆಮೇಲೆ ಐದು ಯಾಕೆ ಕೇಳಿದೆವು. ಬಂದದ್ದು ಹೀಗೆ:

ಯಾಕೆ ಸೋರಿತು? ಬ್ಲೋಹೋಲ್ ಇತ್ತು.
ಬ್ಲೋಹೋಲ್ ಯಾಕೆ? ಗ್ಯಾಸ್ ಸಿಕ್ಕಿಕೊಂಡಿತು.
ಗ್ಯಾಸ್ ಯಾಕೆ? ಉಸುಕಿನಲ್ಲಿ ತೇವ ಜಾಸ್ತಿ.
ತೇವ ಯಾಕೆ ಜಾಸ್ತಿ? ಉಸುಕು ಕಲಸುವವನು ನೀರು ಹೆಚ್ಚು ಹಾಕಿದ.
ಯಾಕೆ ಹಾಕಿದ? ಗಮನ ಇರಲಿಲ್ಲ.

ಪರಿಹಾರ ಅಂತ ಅವನಿಗೆ ತರಬೇತಿ ಕೊಟ್ಟು ಸಹಿ ಹಾಕಿಸಿಕೊಂಡೆವು. ಮೂರು ವಾರ ಆಯಿತು, ಸೋರುವುದು ಒಂದಿಷ್ಟೂ ಕಡಿಮೆ ಆಗಿಲ್ಲ. ಕಸ್ಟಮರ್ ವರದಿ ವಾಪಸ್ ಕಳಿಸಿದ್ದಾರೆ. ಎಲ್ಲಿ ತಪ್ಪಿದ್ದೇವೆ?

ಗೋಕುಲ ರೋಡ್ ಲೇಥ್

ಉಸುಕಿನವನನ್ನು ಬದಲಿಸಿ ನೋಡಿ. ನಮ್ಮಲ್ಲಿ ಒಬ್ಬ ಬದಲಾದ ಮೇಲೆ ಅರ್ಧ ತಲೆನೋವು ಹೋಯಿತು.

ಬಾಕ್ಸ್ ಹೊತ್ತವನು, ಗದಗ

ಇದೇ ನೋಡಿ ನಮ್ಮ ಸಂಕಟ. ನಾನು ಹನ್ನೊಂದು ವರ್ಷ ಮೋಲ್ಡಿಂಗ್ ಮಾಡಿದ್ದೇನೆ. ಆಫೀಸಿನಲ್ಲಿ ನಾಲ್ಕು ಜನ ಕೂತು ಬರೆದರೆ ಐದನೇ ಉತ್ತರ ಯಾವಾಗಲೂ ಹೊರಗೆ ನಿಂತವನ ಹೆಸರೇ. ಆ ನಾಲ್ಕು ಜನರಲ್ಲಿ ಉಸುಕು ಕಲಸುವವನು ಇದ್ದನಾ? ಬಾಡಿಯ ಒಳಗೆ ಟೊಳ್ಳು ಬರಲಿ ಅಂತ ಅಚ್ಚಿನ ಬಾಕ್ಸಿನಲ್ಲಿ ಇಡುವ ಉಸುಕಿನ ಕೋರ್ ಮಾಡುವವರು ಇದ್ದರಾ?

ತಾರಿಹಾಳ ಕ್ಯೂಸಿ

ಇರಲಿಲ್ಲ. ನಾನು, ಪ್ರೊಡಕ್ಷನ್ ಮ್ಯಾನೇಜರ್, ಮಶೀನ್ ಶಾಪ್ ಸೂಪರ್‌ವೈಸರ್, ಪರ್ಚೇಸ್‌ನವರು.

ಹಳೇ ಫೌಂಡ್ರಿ ಕಾಕಾ, ಧಾರವಾಡ

ತಮ್ಮಾ, ಸಿಟ್ಟಾಗಬೇಡ, ನಾಲ್ಕು ಪ್ರಶ್ನೆ ಕೇಳುತ್ತೇನೆ.

ಒಂದು, ಸೋರಿದ ಬಾಡಿಗಳಲ್ಲಿ ಒಂದನ್ನಾದರೂ ಕೊಯ್ದು ನೋಡಿದ್ದೀರಾ? "ಬ್ಲೋಹೋಲ್ ಇತ್ತು" ಅಂತ ಮೊದಲ ಉತ್ತರದಲ್ಲೇ ಬರೆದಿದ್ದೀಯ. ಅದು ಕಣ್ಣಿಂದ ಕಂಡದ್ದೋ, ಊಹೆಯೋ?

ಎರಡು, 41ಕ್ಕೆ 41 ಒಂದೇ ಜಾಗದಲ್ಲಿ ಸೋರಿದವಾ? ಒಳಗಿನ ದಾರಿಯ ಗೋಡೆಯಲ್ಲೋ, ಫ್ಲೇಂಜಿನ ಕುತ್ತಿಗೆಯಲ್ಲೋ, ಹೊರಗಿನ ಮೈಯಲ್ಲೋ?

ಮೂರು, ಯಾವ ಯಾವ ದಿನ ಹೊಯ್ದವು? ಯಾವ ಸಲ ಕರಗಿಸಿದ ಕಬ್ಬಿಣ ಅಂತ ಹೇಳುವ ಹೀಟ್ ನಂಬರ್ ಬಾಡಿ ಮೇಲೆ ಇರುತ್ತದಲ್ವಾ?

ನಾಲ್ಕು, ಉಸುಕಿನ ತೇವ ದಿನಾ ಅಳೆಯುತ್ತೀರಾ? ಅಳೆಯುತ್ತಿದ್ದರೆ ಆ ರಿಜಿಸ್ಟರ್ ಏನು ಹೇಳುತ್ತದೆ?

ಇದು ಗೊತ್ತಾಗದೆ ಐದಲ್ಲ, ಐವತ್ತು ಸಲ ಯಾಕೆ ಕೇಳಿದರೂ ಊಹೆಯ ಮೇಲೆ ಊಹೆ ಕಟ್ಟಿದ ಹಾಗೆ.

ಕೊಯ್ದಾಗ ನೋಡಬೇಕಾದದ್ದು ಇಷ್ಟೇ. ತೂತಿನ ಒಳಗೋಡೆ ನುಣುಪಾಗಿ, ಹೊಳೆಯುತ್ತಾ, ದುಂಡಗೆ ಇದ್ದರೆ ಗ್ಯಾಸ್. ಒರಟೊರಟಾಗಿ, ಸಣ್ಣ ಸಣ್ಣ ಮುಳ್ಳಿನ ಹಾಗೆ ಹರಳು ಕಂಡರೆ ಅದು ಶ್ರಿಂಕೇಜ್. ಕಬ್ಬಿಣ ಆರುವಾಗ ಕುಗ್ಗಿ, ಆ ಜಾಗಕ್ಕೆ ಬೇರೆ ರಸ ಸಿಗದೆ ಆದ ತೂತು. ಇವೆರಡರ ಕಾರಣ ಬೇರೆ ಬೇರೆ.

ಕ್ವಾಲಿಟಿ ಟ್ರೇನರ್ ಹಾವೇರಿ

ಕಾಕಾ ಹೇಳಿದ್ದು ಸರಿ. ಆದರೆ ವಿಧಾನದಲ್ಲೂ ತಪ್ಪಿದೆ. ಫಿಶ್‌ಬೋನ್‌ಗೆ ಸಾಮಾನ್ಯವಾಗಿ ಆರು ಮುಳ್ಳು ಇರುತ್ತವೆ: ಮನುಷ್ಯ, ಮಶೀನ್, ವಸ್ತು, ವಿಧಾನ, ಅಳತೆ, ಪರಿಸರ. ಆರೂ ತುಂಬಿದ ಮೇಲೆ ಎಲ್ಲರೂ ವೋಟ್ ಹಾಕಿ, ಹೆಚ್ಚು ವೋಟ್ ಬಂದ ಮೂರಕ್ಕೆ ಐದು ಯಾಕೆ ಕೇಳಬೇಕು. ಐದಕ್ಕಿಂತ ಕಡಿಮೆ ಆದರೆ ಆಡಿಟರ್ ಒಪ್ಪುವುದಿಲ್ಲ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಟ್ರೇನರ್ ಸರ್, ಮೊದಲು ಫಿಶ್‌ಬೋನ್, ಆಮೇಲೆ ಯಾಕೆ ಅನ್ನುವುದು ಸರಿ. ಆದರೆ ವೋಟ್ ಒಪ್ಪಲಾರೆ. ಉಸುಕಿನ ತೇವಕ್ಕೆ ನಾಲ್ಕೂ ವೋಟ್ ಬಿದ್ದರೂ ಉಸುಕು ಹಸಿ ಇರಲಿಲ್ಲ ಅಂದರೆ ಇರಲಿಲ್ಲ. ಮುಳ್ಳಿನ ಮೇಲೆ ಬರೆದ ಪ್ರತಿಯೊಂದೂ ಊಹೆಯೇ. ಅದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಬೇಕು: ನೋಡಿದೆವು ಹೌದು, ನೋಡಿದೆವು ಅಲ್ಲ, ಇನ್ನೂ ನೋಡಿಲ್ಲ. "ಇನ್ನೂ ನೋಡಿಲ್ಲ" ಅಂತ ಇರುವುದಕ್ಕೆ ಯಾಕೆ ಕೇಳುತ್ತಾ ಕೆಳಗೆ ಇಳಿಯಬಾರದು.

ಐದು ಅನ್ನುವ ಲೆಕ್ಕಕ್ಕೂ ಅಂಟಿಕೊಳ್ಳಬೇಡಿ. ಟೊಯೋಟಾದ ತೈಚಿ ಓನೋ ಕೊಟ್ಟ ಉದಾಹರಣೆ ನೆನಪಿಸಿಕೊಳ್ಳಿ. ಮಶೀನ್ ನಿಂತಿತು, ಫ್ಯೂಸ್ ಹೋಗಿತ್ತು. ಬೇರಿಂಗಿಗೆ ಎಣ್ಣೆ ಸಾಲದೆ ಲೋಡ್ ಜಾಸ್ತಿ ಆಗಿತ್ತು. ಎಣ್ಣೆಯ ಪಂಪ್ ಸರಿಯಾಗಿ ಎತ್ತುತ್ತಿರಲಿಲ್ಲ, ಅದರ ಶಾಫ್ಟ್ ಸವೆದಿತ್ತು. ಕೊನೆಗೆ ಸಿಕ್ಕಿದ್ದು ಸೋಸುವ ಜಾಲರಿ ಇರಲಿಲ್ಲ, ಲೋಹದ ಚೂರು ಒಳಗೆ ಹೋಗಿತ್ತು ಅಂತ. "ಎಣ್ಣೆ ಹಾಕುವವನಿಗೆ ಗಮನ ಇರಲಿಲ್ಲ" ಅಂತ ಎಲ್ಲೂ ಬರಲಿಲ್ಲ. ಫ್ಯೂಸ್ ಬದಲಿಸಿ ಬಿಟ್ಟಿದ್ದರೆ ಮತ್ತೆ ಹೋಗುತ್ತಿತ್ತು.

ಕ್ವಾಲಿಟಿ ಟ್ರೇನರ್ ಹಾವೇರಿ

ವೋಟ್ ಹಾಕುವುದು ಯಾವುದನ್ನು ಮೊದಲು ಪರೀಕ್ಷಿಸಬೇಕು ಅನ್ನುವುದಕ್ಕೆ ಕಾಕಾ, ಯಾವುದು ನಿಜ ಅನ್ನುವುದಕ್ಕಲ್ಲ. ಹತ್ತು ಊಹೆ ಇದ್ದಾಗ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಹಾಗಾದರೆ ಒಪ್ಪಿದೆ.

ಬೆಟಗೇರಿ ರೊಟ್ಟಿ ಅಕ್ಕ

ನಾನು ಕಬ್ಬಿಣದವಳಲ್ಲ, ಕಡಕ್ ರೊಟ್ಟಿಯವಳು. ನಾವು ಎಂಟು ಜನ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು ಪ್ಯಾಕ್ ಮಾಡಿ ಮಾರುತ್ತೇವೆ. ಇದೇ ತರಹದ ಕಷ್ಟ ನಮಗೂ ಬಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಮಳೆಗಾಲದಲ್ಲಿ ಪ್ಯಾಕೆಟ್ ಒಳಗೆ ಬೂಷ್ಟು ಬಂತು ಅಂತ ಅಂಗಡಿಯವರು ವಾಪಸ್ ಕಳಿಸುತ್ತಿದ್ದರು. ಜೋಳ ಹಸಿ ಇದೆ ಅಂದೆವು, ಜೋಳ ಬದಲಿಸಿದೆವು. ಹೋಗಲಿಲ್ಲ. ಹಂಚು ಕಾದಿಲ್ಲ ಅಂದೆವು, ಒಬ್ಬಾಕೆಗೆ ಬೈದೆವು. ಪಾಪ, ಆಕೆ ಅತ್ತಳು. ಆದರೂ ಹೋಗಲಿಲ್ಲ. ಆಮೇಲೆ ವಾಪಸ್ ಬಂದ ಪ್ಯಾಕೆಟ್‌ಗಳನ್ನೆಲ್ಲ ಸಾಲಾಗಿ ಇಟ್ಟು ತಾರೀಖು ನೋಡಿದೆವು. ಎಲ್ಲ ಸಂಜೆ ಕೊನೆಗೆ ಕಟ್ಟಿದವು. ಬಸ್ಸಿಗೆ ಹೊತ್ತಾಯಿತು ಅಂತ ರೊಟ್ಟಿ ಆರುವ ಮೊದಲೇ ಬಿಸಿ ಬಿಸಿ ಸೀಲ್ ಮಾಡುತ್ತಿದ್ದೆವು. ಒಳಗೆ ಬೆವರು ಕಟ್ಟುತ್ತಿತ್ತು. ಸೀಲ್ ಮಾಡುತ್ತಿದ್ದವಳು ನಾನೇ. ಈಗ ನಾಲ್ಕು ಗಂಟೆ ಮೇಲೆ ಬಡಿದ ರೊಟ್ಟಿ ಮರುದಿನವೇ ಪ್ಯಾಕ್ ಆಗುವುದು.

ನಿಮ್ಮಲ್ಲೂ ಕೆಟ್ಟದ್ದನ್ನೆಲ್ಲ ಒಂದು ಕಡೆ ಸಾಲಾಗಿ ಇಟ್ಟು ನೋಡಿ, ಅಣ್ಣಾ.

ವಿದ್ಯಾನಗರ ಕೋಡರ್

ನಮ್ಮ ಕಡೆ ಡೆವಲಪರ್‌ಗಳೂ ಐದು ಯಾಕೆ ಮಾಡುತ್ತೇವೆ, ಆ್ಯಪ್ ನಿಂತಾಗ. ಬಾಡಿ ಸೋರುವುದು ಅಂದರೆ ಮೊದಲು ಮೆಮೊರಿ ಲೀಕ್ ಅಂದುಕೊಂಡು ಓದಿದೆ. ನಾವು ಮೊದಲು ಕೇಳುವ ಪ್ರಶ್ನೆ ಬೇರೆ: ಕೆಡುವ ಮೊದಲು ಏನು ಬದಲಾಯಿತು? ನಿಮ್ಮಲ್ಲಿ ಮೂರು ತಿಂಗಳ ಹಿಂದೆ ಏನಾದರೂ ಬದಲಾಗಿತ್ತಾ?

ತಾರಿಹಾಳ ಕ್ಯೂಸಿ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಸ್ಕ್ರ್ಯಾಪ್ ಅಂಗಳದಲ್ಲೇ ಇದ್ದೆ. ರೊಟ್ಟಿ ಅಕ್ಕ ಹೇಳಿದ ಹಾಗೆ ಸಾಲಾಗಿ ಇಟ್ಟೆ. 41ರಲ್ಲಿ 8 ಆಗಲೇ ಕರಗಿಸಿಬಿಟ್ಟಿದ್ದರು, 33 ಸಿಕ್ಕವು.

22 ಬಾಡಿ ಒಳಗಿನ ದಾರಿಯ ಮೇಲ್ಗೋಡೆಯಲ್ಲಿ ಸೋರಿವೆ, ಅಂದರೆ ಕೋರ್‌ಗೆ ತಾಗಿದ ಕಡೆ. 8 ಫ್ಲೇಂಜಿನ ಕುತ್ತಿಗೆಯಲ್ಲಿ. 3 ಎಲ್ಲಿ ಅಂತ ಗೊತ್ತಾಗಲಿಲ್ಲ.

ಆರು ಕೊಯ್ಯಿಸಿದೆ. ಮೊದಲ ಗುಂಪಿನ ನಾಲ್ಕೂ ನುಣುಪು, ಹೊಳಪು. ಕುತ್ತಿಗೆಯ ಎರಡೂ ಒರಟು. ಕಾಕಾ, ನಾವು ಎರಡು ಬೇರೆ ಬೇರೆ ದೋಷವನ್ನು ಒಂದೇ ಹೆಸರಿನಲ್ಲಿ ಬರೆದಿದ್ದೆವು.

ಇನ್ನು ದಿನ. ಈ ಬಾಡಿಯನ್ನು ಸೋಮ, ಮಂಗಳ, ಗುರು, ಶುಕ್ರ ಹೊಯ್ಯುತ್ತೇವೆ, ದಿನಕ್ಕೆ 12. ನುಣುಪು ತೂತಿನ 22ರಲ್ಲಿ 17 ಸೋಮವಾರದವು. ಉಳಿದ 5ರಲ್ಲಿ 3 ಒಂದೇ ಗುರುವಾರದವು, ಹಿಂದಿನ ದಿನ ರಜೆ ಇತ್ತು. 2 ಯಾವುದಕ್ಕೂ ಹೊಂದುವುದಿಲ್ಲ. ಕುತ್ತಿಗೆಯ 8 ಮಾತ್ರ ಎಲ್ಲ ದಿನಕ್ಕೂ ಹಂಚಿವೆ.

ಉಸುಕಿನ ತೇವದ ರಿಜಿಸ್ಟರ್ ಈಗ ತೆಗೆದು ನೋಡಿದೆ. ಮೂರು ತಿಂಗಳೂ ನೂರಕ್ಕೆ 3.8ರಿಂದ 4.2ರ ಒಳಗೇ ಇದೆ. ಸೋಮವಾರವೂ ಅಷ್ಟೇ. ಅಳತೆ ನಮ್ಮ ಕೈಯಲ್ಲೇ ಇತ್ತು, ಸಭೆಯಲ್ಲಿ ಯಾರೂ ತೆರೆಯಲಿಲ್ಲ. ನಿನ್ನೆ ಉಸುಕು ಕಲಸುವ ಹುಡುಗನ ಹತ್ತಿರ ಹೋಗಿ ಎಲ್ಲರ ಎದುರು ಕ್ಷಮೆ ಕೇಳಿದೆ.

ಬಾಕ್ಸ್ ಹೊತ್ತವನು, ಗದಗ

ಕ್ಷಮೆ ಕೇಳಿದಿರಲ್ಲ, ಅದು ದೊಡ್ಡದು ಸರ್. ಆ ತರಬೇತಿಯ ಸಹಿ ಹಾಳೆಯನ್ನೂ ಅವನ ಫೈಲಿನಿಂದ ತೆಗೆಸಿ. ನಾಳೆ ಸಂಬಳ ಏರಿಸುವಾಗ ಅದೇ ಹಾಳೆ ಎದುರಿಗೆ ಬರುತ್ತದೆ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಈಗ ನಿಮ್ಮ ಹಳೆಯ ಐದು ಯಾಕೆಯನ್ನು ಕೆಳಗಿಂದ ಮೇಲಕ್ಕೆ ಓದಿ, ನಡುವೆ "ಆದ್ದರಿಂದ" ಹಾಕಿ. ಉಸುಕಿನಲ್ಲಿ ನೀರು ಜಾಸ್ತಿ, ಆದ್ದರಿಂದ ಗ್ಯಾಸ್, ಆದ್ದರಿಂದ ಸೋಮವಾರ ಮಾತ್ರ, ಕೋರಿನ ಕಡೆ ಮಾತ್ರ ತೂತು. ಕೂಡುತ್ತದಾ? ಉಸುಕಿನ ತೇವವೇ ಕಾರಣ ಆಗಿದ್ದರೆ ತೂತು ಹೊರಮೈಯಲ್ಲೂ ಬರಬೇಕಿತ್ತು, ಮಂಗಳವಾರವೂ ಬರಬೇಕಿತ್ತು.

ಹೊಸ ಫಿಶ್‌ಬೋನ್ ಬರೆಯಿರಿ. ಮೀನಿನ ತಲೆಯಲ್ಲಿ "ಬಾಡಿ ಸೋರುತ್ತದೆ" ಅಂತ ಬರೆಯಬೇಡಿ. "ಸೋಮವಾರ ಹೊಯ್ದ ಬಾಡಿಯಲ್ಲಿ ಕೋರಿಗೆ ತಾಗಿದ ಮೇಲ್ಗೋಡೆಯಲ್ಲಿ ನುಣುಪು ತೂತು" ಅಂತ ಬರೆಯಿರಿ. ಅಷ್ಟು ಬರೆದರೆ ಅರ್ಧ ಮುಳ್ಳು ತಾವಾಗಿಯೇ ಉದುರುತ್ತವೆ. ಕುತ್ತಿಗೆಯದಕ್ಕೆ ಬೇರೆ ಹಾಳೆ.

ಕೋರ್ ಯಾವ ತರಹದ್ದು? ಪೇಂಟ್ ಹಚ್ಚುತ್ತೀರಾ? ಶನಿವಾರ ಮಾಡಿದ ಕೋರ್ ಸೋಮವಾರ ಹೋಗುತ್ತದಾ? ಈ ಸಲ ಕೋರ್ ಶಾಪಿನವರನ್ನು ಕರೆದು ಕೂರಿಸಿಕೊಂಡು ಕೇಳಿ. ಆಫೀಸಿನಲ್ಲಿ ಬೇಡ, ಕೋರ್ ಶಾಪಿನಲ್ಲೇ ಕೂರಿ.

ಗೋಕುಲ ರೋಡ್ ಲೇಥ್

ಸೋಮವಾರ ಅಂದರೆ ಭಾನುವಾರದ ಗುಂಗು ಇಳಿದಿರುವುದಿಲ್ಲ. ನಾನು ಹೇಳಿದ್ದು ಅದೇ, ಮನುಷ್ಯರ ಕಡೆಯೂ ನೋಡಿ.

ಬಾಕ್ಸ್ ಹೊತ್ತವನು, ಗದಗ

ಅಣ್ಣಾ, ಗುಂಗು ಇದ್ದರೆ ಕುತ್ತಿಗೆಯಲ್ಲೂ ಸೋಮವಾರವೇ ಸೋರಬೇಕಿತ್ತಲ್ಲ? ಅದು ಎಲ್ಲ ದಿನಕ್ಕೂ ಹಂಚಿದೆ ಅಂತ ಅವರೇ ಬರೆದಿದ್ದಾರೆ.

ತಾರಿಹಾಳ ಕ್ಯೂಸಿ

ಕಾಕಾ, ಕೋರ್ ಶಾಪಿನಲ್ಲೇ ಕೂತೆವು. ಅಲ್ಲಿ ಇಬ್ಬರು ಅಕ್ಕಂದಿರು ಕೆಲಸ ಮಾಡುತ್ತಾರೆ. ಅರ್ಧ ತಾಸಿನಲ್ಲಿ ಅವರು ಹೇಳಿದ್ದು ನಮಗೆ ಮೂರು ತಿಂಗಳಲ್ಲಿ ಗೊತ್ತಾಗಿರಲಿಲ್ಲ.

ನಮ್ಮದು ಸೋಡಿಯಂ ಸಿಲಿಕೇಟ್ ಕೋರ್, ಕಾರ್ಬನ್ ಡೈಆಕ್ಸೈಡ್ ಬಿಟ್ಟು ಗಟ್ಟಿ ಮಾಡುವುದು. ಮೇಲೆ ಗ್ರಾಫೈಟ್ ಪೇಂಟ್. ಮೊದಲು ಸ್ಪಿರಿಟ್ ಪೇಂಟ್ ಇತ್ತು, ಹಚ್ಚಿ ಬೆಂಕಿ ತೋರಿಸಿದರೆ ಒಂದೇ ನಿಮಿಷದಲ್ಲಿ ಉರಿದು ಒಣಗುತ್ತಿತ್ತು. ನಾಲ್ಕು ತಿಂಗಳ ಹಿಂದೆ ಪರ್ಚೇಸ್‌ನವರು ನೀರಿನ ಪೇಂಟ್ ತರಿಸಿದ್ದಾರೆ, ಬೆಲೆ ಕಡಿಮೆ, ಬೆಂಕಿಯ ಭಯವೂ ಇಲ್ಲ ಅಂತ. ಹಳೆಯ ಡಬ್ಬಿ ಮುಗಿಯಲು ಸುಮಾರು ಒಂದು ತಿಂಗಳು ಹಿಡಿಯಿತು. ಅಲ್ಲಿಂದಲೇ ನಮ್ಮ ತೊಂದರೆ ಶುರು. ಕೋಡರ್ ಕೇಳಿದ "ಏನು ಬದಲಾಯಿತು" ಅನ್ನುವುದಕ್ಕೆ ಉತ್ತರ ಇದೇ ಇರಬೇಕು.

ನೀರಿನ ಪೇಂಟ್ ಒಣಗಬೇಕಾದರೆ ಓವನ್ ಬೇಕು. ಓವನ್ ಐದು ಗಂಟೆಗೆ ಬಂದ್. ಕರೆಂಟ್ ಬಿಲ್ ಜಾಸ್ತಿ ಅಂತ ಆಫೀಸಿನಿಂದಲೇ ಆದೇಶ ಇದೆ. ಶನಿವಾರ ಸಂಜೆ ನಾಲ್ಕರ ಮೇಲೆ ಪೇಂಟ್ ಹಚ್ಚಿದ ಕೋರ್ ಸರಿಯಾಗಿ ಒಣಗದೆ ರ‍್ಯಾಕ್‌ನಲ್ಲಿ ಎರಡು ರಾತ್ರಿ ಕೂರುತ್ತದೆ, ಅದೂ ಈ ಜಿಟಿಜಿಟಿ ಮಳೆಯಲ್ಲಿ. ಸೋಮವಾರದ ಮೊದಲ ಆರೇಳು ಬಾಕ್ಸಿಗೆ ಅವೇ ಹೋಗುತ್ತವೆ. "ಮುಟ್ಟಿದರೆ ತಣ್ಣಗೆ ಹತ್ತುತ್ತದೆ ಸರ್, ಆಗಲೇ ಸೂಪರ್‌ವೈಸರ್‌ಗೆ ಹೇಳಿದ್ದೆವು" ಅಂದರು.

ಈಗ ವರದಿ ಬರೆದುಬಿಡಲಾ?

ಹಳೇ ಫೌಂಡ್ರಿ ಕಾಕಾ, ಧಾರವಾಡ

ತಡಿ, ಅವಸರ ಬೇಡ. ಕಥೆ ಚೆನ್ನಾಗಿ ಕೂಡುತ್ತದೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಹಳೆಯ ಕಥೆಯೂ ನಿಮಗೆ ಕೂಡಿದ ಹಾಗೇ ಕಂಡಿತ್ತಲ್ಲ. ಎರಡು ಕೆಲಸ ಮಾಡು.

ಮೊದಲನೆಯದು ತಕ್ಕಡಿ. ಶನಿವಾರದ ಐದು ಕೋರ್, ಸೋಮವಾರ ಬೆಳಿಗ್ಗೆ ಮಾಡಿ ಒಣಗಿಸಿದ ಐದು ಕೋರ್ ತೂಗು. 150 ಡಿಗ್ರಿ ಆಸುಪಾಸಿನ ಓವನ್‌ನಲ್ಲಿ ಒಂದು ತಾಸು ಇಟ್ಟು ಮತ್ತೆ ತೂಗು. ಇಳಿದ ತೂಕದಲ್ಲಿ ಹೆಚ್ಚಿನದು ನೀರೇ. ಜೊತೆಗೆ ಪೇಂಟ್ ಹಚ್ಚದ ಐದು ಕೋರನ್ನೂ ಎರಡು ರಾತ್ರಿ ರ‍್ಯಾಕ್‌ನಲ್ಲಿ ಇಟ್ಟು ಹಾಗೇ ತೂಗು. ಸಿಲಿಕೇಟ್ ಕೋರ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಪ್ಪು ಪೇಂಟಿನದೋ ಮಳೆಗಾಳಿಯದೋ ಅನ್ನುವುದು ಬೇರೆ ಆಗಬೇಕು.

ಎರಡನೆಯದು ಹೊಯ್ದು ನೋಡುವುದು. ಒಂದೇ ದಿನ, ಒಂದೇ ಉಸುಕು, ಒಂದೇ ಹೀಟು. ಹತ್ತು ಬಾಕ್ಸಿಗೆ ಶನಿವಾರದ ಕೋರ್, ಹತ್ತಕ್ಕೆ ತಾಜಾ ಒಣಗಿಸಿದ ಕೋರ್. ಹಳೆಯವನ್ನೆಲ್ಲ ಮೊದಲು, ಹೊಸವನ್ನೆಲ್ಲ ಆಮೇಲೆ ಹೊಯ್ಯಬೇಡ. ಲ್ಯಾಡಲ್ ಮೊದಲು ತಣ್ಣಗಿರುತ್ತದೆ, ರಸದ ಬಿಸಿ ಹೋಗ್ತಾ ಹೋಗ್ತಾ ಬದಲಾಗುತ್ತದೆ. ಒಂದು ಹಳೆಯದು, ಒಂದು ಹೊಸದು, ಹೀಗೆ ಬೆರೆಸಿ ಹೊಯ್ಯಿ. ಬಾಡಿ ಮೇಲೆ ಗುರುತು ಇರಲಿ. ಟೆಸ್ಟ್ ಮಾಡುವವನಿಗೆ ಯಾವುದು ಯಾವುದು ಅಂತ ಹೇಳಬೇಡ.

ದಾರಿ ಬಿಟ್ಟು ಒಂದು ಮಾತು. "ತಣ್ಣಗೆ ಹತ್ತುತ್ತದೆ" ಅಂದರಲ್ಲ, ಆ ಅಕ್ಕಂದಿರ ಕೈ ಒಳ್ಳೆಯ ಮೀಟರ್. ಅವರ ಮಾತು ಎಲ್ಲಿ ನಿಂತುಹೋಯಿತು ಅನ್ನುವುದೂ ನಿಮ್ಮ ಹಾಳೆಯಲ್ಲಿ ಬರಬೇಕು.

ಕ್ವಾಲಿಟಿ ಟ್ರೇನರ್ ಹಾವೇರಿ

ಕಸ್ಟಮರ್ ಕಾಯುತ್ತಾರಾ? ಎರಡು ವಾರ ಹೋಗುತ್ತದೆ. ನಾನಾದರೆ ಇಷ್ಟು ಪುರಾವೆ ಸಾಕು ಅನ್ನುತ್ತೇನೆ.

ತಾರಿಹಾಳ ಕ್ಯೂಸಿ

ಕೇಳಿದ್ದೇನೆ ಸರ್, ಹದಿನೈದು ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಸೋಮವಾರದ ಪ್ರತಿ ಬಾಡಿಯ ಟೆಸ್ಟ್‌ಗೆ ಅವರ ಮನುಷ್ಯ ಎದುರಿಗೆ ನಿಲ್ಲುತ್ತಾನೆ.

ರಾಯಾಪುರ ಪಂಪ್

ನಮ್ಮದು ಪಂಪ್ ಕೇಸಿಂಗ್. ಸೋರಿದರೆ ರೆಸಿನ್ ತುಂಬಿಸಿ ಮುಚ್ಚಿಸುತ್ತೇವೆ, ಮುಗಿಯಿತು. ಇಷ್ಟೆಲ್ಲ ತಲೆಬಿಸಿ ಯಾಕೆ?

ಹಳೇ ಫೌಂಡ್ರಿ ಕಾಕಾ, ಧಾರವಾಡ

ಕಸ್ಟಮರ್ ಬರೆದು ಒಪ್ಪಿದ್ದರೆ ಮಾತ್ರ ಅದು ಸರಿ. ಒತ್ತಡ ತಡೆಯುವ ಬಾಡಿಗೆ ಕೇಳದೆ ಮಾಡಿದರೆ ಮೋಸ. ತೀರಾ ಸಣ್ಣ ರಂಧ್ರ ಮುಚ್ಚುತ್ತದೆ, ಕಣ್ಣಿಗೆ ಕಾಣುವ ತೂತು ನಿಲ್ಲುವುದಿಲ್ಲ. ಮುಂದಿನ ಸೋಮವಾರ ಮತ್ತೆ ಅಷ್ಟೇ ಸೋರುತ್ತವೆ.

ತಾರಿಹಾಳ ಕ್ಯೂಸಿ (ಎರಡು ವಾರದ ನಂತರ)

ಲೆಕ್ಕ ತಂದಿದ್ದೇನೆ.

ತಕ್ಕಡಿ: ಕೋರ್ ಒಂದೊಂದೂ ಸುಮಾರು 2,400 ಗ್ರಾಂ. ಪೇಂಟ್ ಹಚ್ಚಿ ಎರಡು ರಾತ್ರಿ ಕೂತವು ಓವನ್‌ನಲ್ಲಿ 14ರಿಂದ 19 ಗ್ರಾಂ ಇಳಿದವು. ಪೇಂಟ್ ಇಲ್ಲದೆ ಕೂತವು 5–6 ಗ್ರಾಂ. ತಾಜಾ ಒಣಗಿಸಿದವು 2ರಿಂದ 4. ಅಂದರೆ ಗಾಳಿಯ ತೇವ ಸ್ವಲ್ಪ ಇದೆ, ಆದರೆ ಹೆಚ್ಚಿನ ನೀರು ಪೇಂಟಿನದೇ.

ಹೊಯ್ದದ್ದು: ಮೊದಲ ಸೋಮವಾರ ಶನಿವಾರದ ಕೋರಿನ 10ರಲ್ಲಿ 4 ಸೋರಿದವು, ತಾಜಾ ಕೋರಿನ 10ರಲ್ಲಿ ಒಂದೂ ಇಲ್ಲ.

ಕುಣಿದಾಡುವಷ್ಟು ಖುಷಿ ಆಯಿತು. ಆದರೆ ಹತ್ತಕ್ಕೆ ನಾಲ್ಕು ಅದೃಷ್ಟದಿಂದಲೂ ಬರಬಹುದು, ಇನ್ನೊಮ್ಮೆ ಮಾಡು ಅಂತ ಕಾಕಾ ಫೋನಿನಲ್ಲಿ ಹೇಳಿದರು. ಎರಡನೇ ಸೋಮವಾರ 10ರಲ್ಲಿ 3, ತಾಜಾದಲ್ಲಿ ಮತ್ತೆ ಸೊನ್ನೆ. ಸೇರಿಸಿದರೆ 20ಕ್ಕೆ 7, 20ಕ್ಕೆ 0. ಏಳೂ ಕೋರಿನ ಕಡೆಯ ಮೇಲ್ಗೋಡೆಯಲ್ಲೇ. ಅದೇ ದಿನ ಶನಿವಾರದ ಇನ್ನೂ 10 ಕೋರನ್ನು ಬೆಳಿಗ್ಗೆ ಒಂದು ತಾಸು ಓವನ್‌ನಲ್ಲಿ ಇಟ್ಟು ಹೊಯ್ದೆವು. ಒಂದು ಸೋರಿತು, ಅದು ಕುತ್ತಿಗೆಯಲ್ಲಿ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಈಗ ನಂಬುತ್ತೇನೆ. 15 ಗ್ರಾಂ ನೀರು ಅಂದರೆ ಸಣ್ಣದು ಅನ್ನಿಸುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಒಂದೂವರೆ ಲೀಟರಿಗಿಂತ ಜಾಸ್ತಿ ಜಾಗ ಕೇಳುತ್ತದೆ. 1,350 ಡಿಗ್ರಿಯ ಕಬ್ಬಿಣ ಸುತ್ತ ಮುತ್ತಿಕೊಂಡಾಗ ಇಪ್ಪತ್ತು ಲೀಟರಿಗಿಂತ ಹೆಚ್ಚು ಆವಿ ಕೋರ್ ಪ್ರಿಂಟಿನ ಸಣ್ಣ ವೆಂಟಿನಿಂದ ಹೊರಗೆ ಓಡಬೇಕು. ಓಡಲು ಆಗದ್ದು ರಸದೊಳಗೆ ನುಗ್ಗಿ ಮೇಲಕ್ಕೆ ಏರುತ್ತದೆ. ಅದಕ್ಕೇ ಮೇಲ್ಗೋಡೆ.

ವೆಂಟ್ ಮುಚ್ಚಿಲ್ಲವಾ ಅಂತಲೂ ನೋಡಿಕೊಳ್ಳಿ. ಪೇಂಟ್ ಹಚ್ಚುವಾಗ ಪ್ರಿಂಟಿನ ತುದಿಗೂ ಬಳಿದರೆ ದಾರಿ ಬಂದ್ ಆಗುತ್ತದೆ. ನಿಮ್ಮಲ್ಲಿ ಹೊಂದದೆ ಉಳಿದ ಆ ಎರಡು ಬಾಡಿ ಅದರಿಂದಲೂ ಇರಬಹುದು, ನಾನು ಖಚಿತ ಹೇಳಲಾರೆ.

ತಾರಿಹಾಳ ಕ್ಯೂಸಿ

ಹೊಸ ಸರಣಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ.

ಸೋರಿತು ಯಾಕೆ? ಮೇಲ್ಗೋಡೆಯಲ್ಲಿ ಗ್ಯಾಸ್ ತೂತು, ಕೊಯ್ದು ನೋಡಿದೆವು. ಗ್ಯಾಸ್ ಯಾಕೆ? ಕೋರಿನಲ್ಲಿ 14–19 ಗ್ರಾಂ ನೀರು, ತೂಗಿ ನೋಡಿದೆವು. ನೀರು ಯಾಕೆ? ನೀರಿನ ಪೇಂಟ್ ಹಚ್ಚಿದ ಮೇಲೆ ಓವನ್ ಕಾಣಲಿಲ್ಲ. ಯಾಕೆ ಕಾಣಲಿಲ್ಲ? ಪೇಂಟ್ ಬದಲಾದರೂ ಕೆಲಸದ ಕ್ರಮ ಸ್ಪಿರಿಟ್ ಪೇಂಟಿನದೇ ಉಳಿಯಿತು, ಓವನ್ ವೇಳೆಯೂ ಬದಲಾಗಲಿಲ್ಲ. ಅದು ಯಾಕೆ? ಸಾಮಾನು ಬದಲಿಸುವಾಗ ಫೌಂಡ್ರಿಗೆ ತಿಳಿಸಿ ಪರೀಕ್ಷೆ ಮಾಡಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಪರ್ಚೇಸ್‌ನವರು ಒಳ್ಳೆಯದಕ್ಕೇ ಮಾಡಿದ್ದರು, ಯಾರನ್ನು ಕೇಳಬೇಕು ಅಂತ ಅವರಿಗೂ ಗೊತ್ತಿರಲಿಲ್ಲ.

ಕ್ವಾಲಿಟಿ ಟ್ರೇನರ್ ಹಾವೇರಿ

ಚೆನ್ನಾಗಿದೆ. ಆದರೆ ಇದು ದೋಷ ಯಾಕೆ ಹುಟ್ಟಿತು ಅನ್ನುವ ಸರಣಿ ಮಾತ್ರ. ಮೊದಲೇ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಇನ್ನೊಂದು ಸರಣಿ ಬೇಕು. ಮಶೀನಿಂಗ್ ಆದ ಮೇಲೆ ಸಿಕ್ಕಿತು ಅಂದಿರಲ್ಲ, ಕಸ್ಟಮರ್ ಅದನ್ನು ಕೇಳೇ ಕೇಳುತ್ತಾರೆ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಇದು ನೂರಕ್ಕೆ ನೂರು ಸರಿ ಸರ್. ಅಕ್ಕಂದಿರ ಮಾತು ನಿಂತುಹೋದದ್ದು ಆ ಸರಣಿಯಲ್ಲೇ ಬರುತ್ತದೆ.

ತಾರಿಹಾಳ ಕ್ಯೂಸಿ

ಅದನ್ನೂ ಕೇಳಿ ನೋಡಿದೆ. ಮಶೀನ್ ಆಗದ ಎರಕವನ್ನು ಟೆಸ್ಟ್ ಮಾಡಲು ಫ್ಲೇಂಜಿನ ಮುಖ ಸಪಾಟ ಇರುವುದಿಲ್ಲ, ರಬ್ಬರ್ ಕೂರುವುದಿಲ್ಲ. ಹಾಗಾಗಿ ಸೋಮವಾರದ ಮೊದಲ ಮೂರು ಬಾಡಿಯನ್ನು ಮಂಗಳವಾರವೇ ಮಶೀನ್ ಮಾಡಿ ಟೆಸ್ಟ್ ಮಾಡುತ್ತೇವೆ, ಉಳಿದವು ಅಲ್ಲಿಯವರೆಗೆ ಕಾಯುತ್ತವೆ. ಕೋರ್ ಶಾಪಿಗೆ ಒಂದು ತಕ್ಕಡಿ ಕೊಟ್ಟಿದ್ದೇವೆ. ಒಂದು ರಾತ್ರಿ ದಾಟಿದ ಕೋರ್ ಮತ್ತೆ ಓವನ್ ಕಂಡೇ ಬಾಕ್ಸಿಗೆ ಹೋಗಬೇಕು. ಮೂರು ಗಂಟೆ ಮೇಲೆ ಪೇಂಟ್ ಹಚ್ಚುವಂತಿಲ್ಲ. ಹಸಿ ಕೋರ್ ಕಂಡರೆ ಅಕ್ಕಂದಿರೇ ಕೆಂಪು ಸೀಮೆಸುಣ್ಣ ಎಳೆಯಬಹುದು, ಎಳೆದದ್ದನ್ನು ಯಾರೂ ಬಳಸುವಂತಿಲ್ಲ.

ಗೋಕುಲ ರೋಡ್ ಲೇಥ್

ಇಷ್ಟು ಗೋಳು ಯಾಕೆ, ಸ್ಪಿರಿಟ್ ಪೇಂಟಿಗೇ ವಾಪಸ್ ಹೋಗಿ. ಓವನ್ನಿನ ಕರೆಂಟ್ ಲೆಕ್ಕ ಹಾಕಿದರೆ ಉಳಿತಾಯ ಏನೂ ಉಳಿದಿರಲ್ಲ.

ಬಾಕ್ಸ್ ಹೊತ್ತವನು, ಗದಗ

ಸ್ಪಿರಿಟ್ ಪೇಂಟ್ ಹಚ್ಚಿ ಬೆಂಕಿ ಕೊಡುವ ಜಾಗದಲ್ಲಿ ನಿಂತು ನೋಡಿದ್ದೀರಾ ಅಣ್ಣಾ? ನನ್ನ ಮುಂಗೈ ಕೂದಲು ಎರಡು ಸಲ ಸುಟ್ಟಿದೆ. ಹೊಗೆ ಬೇರೆ. ಅಕ್ಕಂದಿರು ಕೂತು ಕೆಲಸ ಮಾಡುವ ಕಡೆ ನೀರಿನದೇ ಒಳ್ಳೆಯದು.

ತಾರಿಹಾಳ ಕ್ಯೂಸಿ

ಈ ವಾದ ನಮ್ಮಲ್ಲೂ ನಡೆಯುತ್ತಿದೆ. ಮಾಲೀಕರು ಒಂದು ತಿಂಗಳ ಕರೆಂಟ್ ಬಿಲ್ ನೋಡಿ ಹೇಳುತ್ತೇನೆ ಅಂದಿದ್ದಾರೆ.

ಈಗ ಕುತ್ತಿಗೆಯ ಆ ಎಂಟು ಬಾಡಿ. ಕಬ್ಬಿಣ ಕುಗ್ಗುವಾಗ ಹೆಚ್ಚಿನ ರಸ ಒದಗಿಸುವ ರೈಸರ್ ದೊಡ್ಡದು ಮಾಡೋಣ ಅಂತ ಪ್ರೊಡಕ್ಷನ್ ಮ್ಯಾನೇಜರ್ ಅನ್ನುತ್ತಿದ್ದಾರೆ.

ರಾಯಾಪುರ ಪಂಪ್

ಹೌದು, ಶ್ರಿಂಕೇಜ್ ಅಂದರೆ ರೈಸರ್ ಸಾಲದು ಅಂತಲೇ ಅರ್ಥ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಇರಬಹುದು, ಇಲ್ಲದೆಯೂ ಇರಬಹುದು. ಅದೇ ರೈಸರಿನಲ್ಲಿ ನೂರಕ್ಕೆ 98 ಚೆನ್ನಾಗಿ ಬರುತ್ತಿವೆಯಲ್ಲ, ಆ ಎರಡರಲ್ಲಿ ಏನು ಬೇರೆ ಅಂತ ಮೊದಲು ನೋಡಬೇಕು. ಬಾಕ್ಸ್ ಮೆತ್ತಗೆ ಬಡಿದಿದ್ದರೆ ಕಬ್ಬಿಣ ತುಂಬಿದಾಗ ಉಸುಕಿನ ಗೋಡೆ ಹಿಂದಕ್ಕೆ ಸರಿಯುತ್ತದೆ. ಜಾಗ ಹಿಗ್ಗುತ್ತದೆ, ರಸ ಸಾಲುವುದಿಲ್ಲ. ರಸ ತೀರಾ ಬಿಸಿ ಇದ್ದರೂ, ಅದರ ಗುಣ ಬದಲಾಗಿದ್ದರೂ ಆಗುತ್ತದೆ. ಹಾಗೆ ಸರಿದಿದ್ದರೆ ಆ ಎಂಟು ಬಾಡಿ ಉಳಿದವಕ್ಕಿಂತ ಸ್ವಲ್ಪ ತೂಕ ಇರುತ್ತವೆ, ಕುತ್ತಿಗೆಯ ಹೊರ ಅಳತೆಯೂ ದಪ್ಪ ಬರುತ್ತದೆ. ನಾಳೆ ಆ ಎಂಟನ್ನೂ, ಚೆನ್ನಾಗಿರುವ ಎಂಟನ್ನೂ ಅಳೆದು ಹಾಕು. ಮಶೀನ್ ಆಗದ ಜಾಗದಲ್ಲೇ ಅಳೆಯಬೇಕು.

ಬಾಕ್ಸ್ ಹೊತ್ತವನು, ಗದಗ

ಕಾಕಾ, ಈ ಸಲವಾದರೂ "ಬಡಿಯುವವನಿಗೆ ಗಮನ ಇರಲಿಲ್ಲ" ಅಂತ ಬರೆಯುವ ಮೊದಲು ಅವನ ಗಾಳಿ ರ‍್ಯಾಮರ್‌ಗೆ ಒತ್ತಡ ಎಷ್ಟು ಬರುತ್ತಿದೆ ಅಂತ ನೋಡಿಸಿ. ಕಂಪ್ರೆಸರ್ ದೂರ ಇದ್ದರೆ, ನಾಲ್ಕು ಜನ ಒಟ್ಟಿಗೆ ಹಿಡಿದರೆ ಗಾಳಿ ಕುಸಿಯುತ್ತದೆ. ಕೈಯಲ್ಲಿ ಹಿಡಿದವನಿಗೇ ಗೊತ್ತು.

ತಾರಿಹಾಳ ಕ್ಯೂಸಿ

ಗೇಜ್ ಇರುವುದು ಕಂಪ್ರೆಸರ್ ಹತ್ತಿರ ಮಾತ್ರ. ನಾಳೆ ರ‍್ಯಾಮರ್ ತುದಿಗೂ ಒಂದು ಹಾಕಿಸುತ್ತೇನೆ.

ಹಳೇ ಫೌಂಡ್ರಿ ಕಾಕಾ, ಧಾರವಾಡ

ಉಸುಕಿನ ಗಟ್ಟಿತನ ನೋಡುವ ಮೀಟರ್ ನನ್ನ ಹತ್ತಿರ ಹಳೆಯದೊಂದು ಇದೆ. ಗುರುವಾರ ಹುಬ್ಬಳ್ಳಿಗೆ ಬರುವುದಿದೆ, ತರುತ್ತೇನೆ. ಬಾಕ್ಸ್ ಮುಚ್ಚುವ ಮೊದಲು ಕುತ್ತಿಗೆಯ ಸುತ್ತ ನಾಲ್ಕು ಕಡೆ ಒತ್ತಿ ನೋಡೋಣ. ಬಡಿಯುವ ಹುಡುಗನನ್ನೂ ಜೊತೆಗೆ ನಿಲ್ಲಿಸು, ಮೀಟರ್ ಅವನ ಕೈಯಲ್ಲೇ ಇರಲಿ.